ರೊಟ್ಟಿ ಯಾರು ತಿಂದರು ಅಂತ ಹೇಳಿದಿರಾ?

ಪ್ರಶ್ನೆ: ನಾನು ಮಂಡ್ಯದ ಕಡೆಯವಳು. ಮದುವೆಯಾಗಿ ಒಂಬತ್ತು ವರ್ಷ ಆಯಿತು. ಗಂಡನ ಊರು ಹಾವೇರಿ ಜಿಲ್ಲೆಯ ಒಂದು ಹಳ್ಳಿ, ನಾವಿರುವುದು ಬೆಂಗಳೂರಿನಲ್ಲಿ. ಅತ್ತೆಯ ಜೊತೆ ಜಗಳವಿಲ್ಲ, ಹಾಗಂತ ಸಲಿಗೆಯೂ ಇಲ್ಲ. ಹಬ್ಬಕ್ಕೆ ಹೋಗುತ್ತೇವೆ, ಬರುತ್ತೇವೆ.

ಕಳೆದ ತಿಂಗಳು ನಮ್ಮ ಏಳು ವರ್ಷದ ಮಗನಿಗೆ ಡೆಂಗಿ ಜ್ವರ ಬಂದು ಆಸ್ಪತ್ರೆಗೆ ಸೇರಿಸಬೇಕಾಯಿತು. ನಾನೂ ನನ್ನ ಗಂಡನೂ ಪಾಳಿ ಮೇಲೆ ವಾರ್ಡಿನಲ್ಲಿ ಕೂತೆವು. ಅತ್ತೆಗೆ ಬರುವ ಆಸೆ ಇತ್ತು. ಆದರೆ ಮಾವನವರಿಗೆ ಲಕ್ವ ಹೊಡೆದು ಎರಡು ವರ್ಷ, ಅವರನ್ನು ಬಿಟ್ಟು ಹೊರಡುವ ಹಾಗಿಲ್ಲ. ಮೂರನೇ ದಿನ ಬೆಳಗ್ಗೆ ರಾತ್ರಿ ಬಸ್ಸಿನಲ್ಲಿ ಒಂದು ರಟ್ಟಿನ ಪೆಟ್ಟಿಗೆ ಬಂತು. ಭಾವ ಬಸ್ ನಿಲ್ದಾಣದವರೆಗೂ ಹೋಗಿ ಹಾಕಿದ್ದರಂತೆ. ಹಳೇ ಪಂಚೆಯಲ್ಲಿ ಸುತ್ತಿದ ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಮಗನಿಗೆ ಅಂತ 'ಖಾರ ಕಮ್ಮಿ' ಎಂದು ಚೀಟಿ ಅಂಟಿಸಿದ ಇನ್ನೊಂದು ಪೊಟ್ಟಣ ಹಿಂಡಿ, ನನಗಿಷ್ಟ ಅಂತ ಗುರೆಳ್ಳು ಹಿಂಡಿ, ಎಣ್ಣೆಗಾಯಿ, ಮಾದಲಿ, ಸ್ಟೀಲ್ ಡಬ್ಬಿಯಲ್ಲಿ ಮಡಕಿಕಾಳಿನ ಪಲ್ಯ. ಆ ವಾರ ನಾನು ಒಲೆ ಹಚ್ಚಿದ್ದು ಹಾಲು ಕಾಯಿಸೋಕೆ ಮಾತ್ರ.

ಪಲ್ಯ ಹಳಸಿತ್ತು, ಚೆಲ್ಲಿದೆ. ಅತ್ತೆ ಫೋನಿನಲ್ಲಿ ಕೇಳಿದಾಗ 'ಎಲ್ಲಾ ಚೆನ್ನಾಗಿತ್ತು' ಅಂದುಬಿಟ್ಟೆ. ಮನೆಗೆ ಬಂದ ಮೇಲೆ ಕುಟುಂಬದ ವಾಟ್ಸ್ಆ್ಯಪ್ ಗುಂಪಿನಲ್ಲಿ 'ಧನ್ಯವಾದಗಳು ಅತ್ತೆ' ಎಂದು ಹಾಕಿ ಕೈಮುಗಿಯುವ ಚಿತ್ರ ಅಂಟಿಸಿದೆ. ಇಷ್ಟೆಲ್ಲಾ ಖರ್ಚಾಗಿರುತ್ತೆ ಅಂತ ಭಾವನ ಫೋನ್‌ಪೇಗೆ ಮೂರು ಸಾವಿರ ಕಳಿಸಿದೆ. ಮರುದಿನವೇ ದುಡ್ಡು ವಾಪಸ್ ಬಂತು. 'ಅವ್ವ, ನಾ ಏನ್ ಖಾನಾವಳಿ ಇಟ್ಟೀನೇನು ಅಂದ್ಲು' ಎಂದರು ಭಾವ. ಆಮೇಲಿಂದ ಅತ್ತೆ ಫೋನಿನಲ್ಲಿ ಎರಡೇ ಮಾತು ಆಡಿ ಮಗನ ಕೈಗೆ ಕೊಡು ಅನ್ನುತ್ತಾರೆ. ನನ್ನ ಗಂಡನನ್ನು ಕೇಳಿದರೆ 'ನಮ್ಮವ್ವಗ ಥ್ಯಾಂಕ್ಸ್ ಯಾಕ ಬೇಕು, ಸುಮ್ನಿರು' ಅನ್ನುತ್ತಾರೆ. ಅದೇ ವಾರ ನನ್ನ ಚಿಕ್ಕಮ್ಮ ಮೈಸೂರಿನಿಂದ ಬಂದು ಎರಡು ದಿನ ಸಾರು ಅನ್ನ ಮಾಡಿ ಹೋದಳು. ಅವಳಿಗೆ ನಾನು ಧನ್ಯವಾದ ಅನ್ನಲೇ ಇಲ್ಲ, ಅವಳು ಏನೂ ಅಂದುಕೊಂಡಿಲ್ಲ. ಮಗ ಜ್ವರ ಬಿಟ್ಟ ಮೇಲೆ ಮೊದಲು ಕೇಳಿ ತಿಂದದ್ದೇ ಅಜ್ಜಿಯ ರೊಟ್ಟಿ, ಹಾಲಿನಲ್ಲಿ ಮುರಿದು ಹಾಕಿಸಿಕೊಂಡು ತಿಂದ. ಅಷ್ಟು ಉಪಕಾರವಾಗಿದೆ. ಅತ್ತೆಗೆ ಸರಿಯಾಗಿ ಹೇಳುವುದು ಹೇಗೆ? ಡಬ್ಬಿಗಳು ಇನ್ನೂ ನಮ್ಮನೆಯಲ್ಲೇ ಇವೆ.

— ಹೆಸರು ಬೇಡ, ಬೆಂಗಳೂರು

ಉತ್ತರ: ನಿಮ್ಮ ಪತ್ರದಲ್ಲಿ ಹಾಲು ರೊಟ್ಟಿಯ ಆ ಒಂದು ಸಾಲು ಕೊನೆಗೆ, ಏನೋ ನೆನಪಾದ ಹಾಗೆ ಬಂದಿದೆ. ನನ್ನ ಕಣ್ಣು ಅಲ್ಲೇ ನಿಂತಿತು. ಅದನ್ನು ನನಗೆ ಬರೆದಿದ್ದೀರಿ. ನಿಮ್ಮ ಅತ್ತೆಗೆ ಹೇಳಿದಿರಾ? ಹೇಳಿದ್ದರೆ ಪತ್ರದಲ್ಲಿ ಬರುತ್ತಿತ್ತು ಅಂದುಕೊಳ್ಳುತ್ತೇನೆ.

ಆ ಪೆಟ್ಟಿಗೆಯ ಇನ್ನೊಂದು ತುದಿಯಲ್ಲಿ ಏನಿತ್ತು ಅಂತ ನೋಡೋಣ. ಮೊಮ್ಮಗ ಆಸ್ಪತ್ರೆಯಲ್ಲಿ, ಅಜ್ಜಿ ಮುನ್ನೂರು ಕಿಲೋಮೀಟರಿಗೂ ಆಚೆ. ಒಳಕೋಣೆಯಲ್ಲಿ ಮಲಗಿದಲ್ಲೇ ಇರುವ ಗಂಡ. ಬರಲಾರದವರು ಅಡುಗೆ ಮಾಡಿದರು. ಮಾಡಿ, ಕಟ್ಟಿ, ಬಸ್ಸಿಗೆ ಹಾಕಿಸಿದ ಮೇಲೆ ಅವರಿಗೆ ಏನೂ ಕಾಣಿಸದು. ನಿಮ್ಮ ಚಿಕ್ಕಮ್ಮ ನಿಮ್ಮ ಮನೆಯಲ್ಲೇ ನಿಂತು ಬಡಿಸಿದವರು. ನೀವು ಎರಡನೇ ಸಲ ಸಾರು ಹಾಕಿಸಿಕೊಂಡದ್ದನ್ನು, ಉಣ್ಣುತ್ತಾ ಉಣ್ಣುತ್ತಾ ನಿಮ್ಮ ಭುಜ ಇಳಿದದ್ದನ್ನು ಅವರು ಕಣ್ಣಾರೆ ಕಂಡರು. ನೀವು ಒಂದು ಮಾತು ಆಡದಿದ್ದರೂ ಅವರಿಗೆ ಸಲ್ಲಬೇಕಾದ್ದು ಅಲ್ಲೇ ಸಂದಿತು. ಅತ್ತೆಗೆ ಮಾತ್ರ ಸಿಕ್ಕಿದ್ದು 'ಎಲ್ಲಾ ಚೆನ್ನಾಗಿತ್ತು' ಎಂಬ ಮಾತು, ಆಮೇಲೆ ಹತ್ತಾರು ಜನರಿರುವ ಗುಂಪಿನಲ್ಲಿ ಒಂದು ಕೈಮುಗಿಯುವ ಚಿತ್ರ. ಹುಟ್ಟುಹಬ್ಬಕ್ಕೂ ಯುಗಾದಿಗೂ ಬರುವ ಚಿತ್ರ ಅದೇ. ಅವರು ಕಾಯುತ್ತಿದ್ದದ್ದು ಸುದ್ದಿಗೆ. ರೊಟ್ಟಿ ಮುರಿಯದೆ ಬಂದವೇ? ಕೂಸು ತಿಂದಿತೇ? ಖಾರ ಹೆಚ್ಚಾಯಿತೇ? ಯಾವುದು ಮೊದಲು ಖಾಲಿಯಾಯಿತು?

ಆದ್ದರಿಂದ ನಾನು ಹೇಳುವುದು ಇಷ್ಟೇ: ಹೊಗಳಿಕೆಯನ್ನು ಪಕ್ಕಕ್ಕಿಟ್ಟು, ಊಟದ ವರ್ತಮಾನ ಒಪ್ಪಿಸಿ. ಯಾವ ಪದಾರ್ಥ, ಯಾರು, ಯಾವಾಗ, ಹೇಗೆ ತಿಂದರು. ನಿಮ್ಮ ಕೃತಜ್ಞತೆ ಅದರೊಳಗೇ ಹೋಗಿ ತಲುಪುತ್ತದೆ.

ಫೋನ್ ನೀವೇ ಮಾಡಿ. ಮಗನಿಗೆ ಸ್ಕೂಲಿರುವ ಹೊತ್ತಿನಲ್ಲಿ ಮಾಡಿ, ಇಲ್ಲದಿದ್ದರೆ ಫೋನು ಅವನ ಕೈಗೆ ಹೋಗಿ ಮಾತು ಅಲ್ಲಿಗೇ ಮುಗಿಯುತ್ತದೆ. ಮಾವನವರ ಊಟ, ಔಷಧಿ ಎಲ್ಲ ಮುಗಿದು ಅತ್ತೆ ಒಂದು ಕಡೆ ಕೂರುವ ಹೊತ್ತು ಯಾವುದೆಂದು ನಿಮ್ಮ ಓರಗಿತ್ತಿಯನ್ನು ಕೇಳಿಕೊಂಡರೆ ಇನ್ನೂ ಒಳ್ಳೆಯದು. ಹಳ್ಳಿಮನೆಯಲ್ಲಿ ಸಾಮಾನ್ಯವಾಗಿ ಅದು ಮಧ್ಯಾಹ್ನ ಎರಡೂವರೆ ದಾಟಿದ ಮೇಲೆ. ಮಾವನವರು ಹೇಗಿದ್ದಾರೆ ಎಂದು ಮೊದಲು ಕೇಳಿ. ಆಮೇಲೆ ನಿಮ್ಮದೇ ಮಂಡ್ಯದ ಮಾತಿನಲ್ಲಿ ಹೇಳಿ. ಅವರ ಕಡೆಯ ಮಾತನ್ನು ಅನುಕರಿಸಲು ಹೋಗಬೇಡಿ, ನಾಟಕದಂತೆ ಕೇಳಿಸುತ್ತದೆ. ಹೀಗೆ ಏನಾದರೂ:

"ಅತ್ತೆ, ಒಂದು ವಿಷಯ ನಿಮಗೆ ಹೇಳೇ ಇಲ್ಲ. ಜ್ವರ ಬಿಟ್ಟ ದಿನ ಸಾಯಂಕಾಲ ಇವನು ತಾನಾಗೇ ಹಸಿವು ಅಂದ. ಬ್ರೆಡ್ ಕೊಡ್ಲಾ ಅಂದ್ರೆ ಬೇಡ, ಅಜ್ಜಿ ರೊಟ್ಟಿ ಬೇಕು ಅಂದ. ಹಾಲಲ್ಲಿ ಮುರಿದು ಹಾಕಿ ಮೆತ್ತಗಾದ ಮೇಲೆ ಕೊಟ್ಟೆ. ಬಟ್ಟಲು ಖಾಲಿ ಮಾಡ್ದ. ಅಷ್ಟು ದಿನದಲ್ಲಿ ಅವನು ಕೇಳಿ ತಿಂದಿದ್ದು ಅದೇ ಮೊದಲು."

ಬೇರೆ ಯಾವುದೂ ಇಷ್ಟು ನಾಟುವುದಿಲ್ಲ. ಡೆಂಗಿಯಲ್ಲಿ ಜ್ವರ ಇಳಿದ ಕೂಡಲೇ ಗಂಡಾಂತರ ಕಳೆಯಿತು ಎನ್ನುವ ಹಾಗಿಲ್ಲ. ಇಳಿದ ನಂತರದ ಒಂದೆರಡು ದಿನವೇ ಜಾಗರೂಕತೆಯಿಂದ ನೋಡಿಕೊಳ್ಳಬೇಕಾದ ಹೊತ್ತು. ಮಗು ತಾನಾಗಿ ಹಸಿವು ಅನ್ನುವುದನ್ನು ವೈದ್ಯರೂ ಚೇತರಿಕೆಯ ಗುರುತುಗಳಲ್ಲಿ ಒಂದೆಂದು ನೋಡುತ್ತಾರೆ. ಆ ಹಸಿವಿಗೆ ಸಿಕ್ಕಿದ್ದು ತಾನು ಕಳಿಸಿದ ರೊಟ್ಟಿ ಎಂದು ಅಜ್ಜಿಗೆ ಈವರೆಗೂ ಗೊತ್ತಿಲ್ಲ! ಅವರ ಮೌನವನ್ನು ಮುನಿಸು ಎಂದುಕೊಳ್ಳುವ ಮುನ್ನ ಇದನ್ನು ತಲುಪಿಸಿ.

ಮುಂದಿನದು ಚೀಟಿ ಅಂಟಿಸಿದ ಪೊಟ್ಟಣ ಮತ್ತು ಗುರೆಳ್ಳು ಹಿಂಡಿ. ಸೊಸೆಯಂದಿರ ಪತ್ರಗಳಲ್ಲಿ ನನಗೆ ಆಗಾಗ ಬರುವ ಅನುಮಾನ ಒಂದಿದೆ: ಇದು ಪ್ರೀತಿಯೋ, ಅಥವಾ 'ನನ್ನ ಮಗನಿಗೆ ನೀನು ಸರಿಯಾಗಿ ಹಾಕುತ್ತಿಲ್ಲ' ಎಂದು ಹೇಳುವ ಬಗೆಯೋ? ಕೆಲವು ಮನೆಗಳಲ್ಲಿ ಅದು ನಿಜವೇ ಇರುತ್ತದೆ. ಬಂದದ್ದೆಲ್ಲ ಮಗನಿಗೆ ಇಷ್ಟವಾದದ್ದೇ, ಕೇಳುವುದೆಲ್ಲ ಮಗ ಉಂಡನೇ ಎಂದೇ ಆದರೆ ಅನುಮಾನಕ್ಕೆ ಸ್ವಲ್ಪ ಜಾಗವಿದೆ. ನಿಮ್ಮ ಪೆಟ್ಟಿಗೆ ಅಂಥದ್ದಲ್ಲ. ಶೇಂಗಾ ಹಿಂಡಿಯನ್ನು ಎರಡು ಸಲ ಕುಟ್ಟಿದ್ದಾರೆ, ಒಮ್ಮೆ ದೊಡ್ಡವರಿಗೆ, ಒಮ್ಮೆ ಮೆಣಸಿನಪುಡಿ ಕಡಿಮೆ ಮಾಡಿ ಮಗುವಿಗೆ. ಗುರೆಳ್ಳು ಹುರಿಯುವುದಂತೂ ಕಣ್ಣಿಟ್ಟು ಮಾಡುವ ಕೆಲಸ. ಉರಿ ಸಣ್ಣಗಿಟ್ಟು, ಚಟಪಟ ಎಂದು ಘಮ ಬಂದ ಕೂಡಲೇ ಇಳಿಸಬೇಕು. ಕಾಳೇ ಕಪ್ಪಾಗಿರುವುದರಿಂದ ಸೀದದ್ದು ಕಣ್ಣಿಗೆ ತಿಳಿಯುವುದಿಲ್ಲ, ಬಾಯಿಗೆ ಕಹಿ ಬಂದಾಗಲೇ ಗೊತ್ತಾಗುವುದು. ಮಂಡ್ಯದಿಂದ ಬಂದ ಸೊಸೆಗೆ ಗುರೆಳ್ಳು ರುಚಿಸುತ್ತದೆ ಎಂದು ಅವರು ಗಮನಿಸಿ ನೆನಪಿಟ್ಟುಕೊಂಡಿದ್ದಾರೆ. ಅದನ್ನು ನೀವೂ ಗಮನಿಸಿದ್ದೀರಿ ಎಂದು ಅವರಿಗೆ ತಿಳಿಯಬೇಕು. "ಗುರೆಳ್ಳು ಹಿಂಡಿ ನನಗೇ ಅಂತ ಎತ್ತಿಟ್ಟುಕೊಂಡಿದ್ದೀನಿ, ಇವರಿಗೂ ಕೊಟ್ಟಿಲ್ಲ" ಎಂದರೆ ಸಾಕು, ಅತ್ತೆ ನಕ್ಕುಬಿಡುತ್ತಾರೆ.

ಅಷ್ಟಾದ ಮೇಲೆ ಕೇಳಿ: "ರೊಟ್ಟಿ ಅಷ್ಟೊಂದು ಯಾರು ಬಡಿದ್ರಿ ಅತ್ತೆ?" ಈ ಪ್ರಶ್ನೆಯನ್ನು ಬಿಡಬೇಡಿ. ಕಡಕ್ ರೊಟ್ಟಿ ಎಂದರೆ ಸುಮ್ಮನೆ ಅಲ್ಲ. ಜೋಳದ ಹಿಟ್ಟನ್ನು ಬಿಸಿನೀರಲ್ಲಿ ನಾದಿ, ತೆಳ್ಳಗೆ ಬಡಿದು, ಹೆಂಚಿನ ಮೇಲೆ ನೀರು ಸವರಿ ಬೇಯಿಸಿ, ಆಮೇಲೆ ತೇವವೆಲ್ಲ ಆರಿ ಗರಿಗರಿಯಾಗುವವರೆಗೆ ಸಣ್ಣ ಕಾವಿನಲ್ಲಿ ಇಡಬೇಕು. ಅಷ್ಟು ಆರಿರುವುದಕ್ಕೇ ಅದು ವಾರಗಟ್ಟಲೆ ಕೆಡುವುದಿಲ್ಲ. ರೋಗಿಯನ್ನು ನೋಡಿಕೊಳ್ಳುವ ಮನೆಯಲ್ಲಿ ಒಬ್ಬರೇ ಒಂದು ದಿನದಲ್ಲಿ ಅಷ್ಟನ್ನು ಮಾಡಿರುವುದು ಅನುಮಾನ. ಓರಗಿತ್ತಿ ಬಡಿದಿರಬಹುದು, ಪಕ್ಕದ ಮನೆಯವರು ಕೈ ಹಾಕಿರಬಹುದು. ಅತ್ತೆಯ ಬಾಯಿಂದ ಆ ಹೆಸರು ಬಂದರೆ, ಅದೇ ಕರೆಯಲ್ಲಿ ಅವರ ಕೈಗೂ ಫೋನು ಕೊಡಲು ಹೇಳಿ. ಕೂಡುಕುಟುಂಬದಲ್ಲಿ ಉಪಕಾರ ಮಾಡಿದ ನಾಲ್ಕು ಕೈಗಳಲ್ಲಿ ಎರಡನ್ನು ಮಾತ್ರ ನೆನೆದರೆ, ಆ ಕೊರತೆ ಒಲೆಯ ಮುಂದೆ ಇನ್ನೊಂದು ರೂಪದಲ್ಲಿ ಮಾತಾಗುತ್ತದೆ. ಭಾವ ಬಸ್ ನಿಲ್ದಾಣಕ್ಕೆ ಹೋಗಿ ಬಂದದ್ದನ್ನೂ ಸೇರಿಸಿಕೊಳ್ಳಿ.

ಇನ್ನು ಮೂರು ಸಾವಿರ ರೂಪಾಯಿ. ಇದರಲ್ಲಿ ನಿಮ್ಮ ಮನಸ್ಸು ಕೆಟ್ಟದ್ದಲ್ಲ. ಆದರೆ ಅದು ಹೋದ ದಾರಿ ನೋಡಿ: ಊಟ ಮುಗಿದ ಮೇಲೆ, ಹಿರಿಯ ಮಗನ ಫೋನಿಗೆ, ಊಟದ ಲೆಕ್ಕಕ್ಕೆ. ಮುಂಗಡ ಕೊಟ್ಟು ತಿಂಗಳ ಊಟ ಮಾಡುವ ಖಾನಾವಳಿಯ ವ್ಯವಹಾರ ಹಾವೇರಿ, ಹುಬ್ಬಳ್ಳಿ ಕಡೆಯವರಿಗೆ ಚೆನ್ನಾಗಿ ಗೊತ್ತು. ಅತ್ತೆಯ ಮಾತು ಆ ಕಡೆಯಿಂದಲೇ ಬಂದಿದೆ, ಅದರಲ್ಲಿ ನೋವಿನ ಜೊತೆ ಸ್ವಲ್ಪ ತಮಾಷೆಯೂ ಇದೆ ಎಂದು ನನಗನ್ನಿಸುತ್ತದೆ. ಆ ಕಡೆಯ ಹಿರಿಯ ಹೆಂಗಸರ ಚುಚ್ಚುಮಾತು ಹಲವು ಸಲ ಅರ್ಧ ಸಲಿಗೆಯದೇ. ಇದಕ್ಕೆ ದೊಡ್ಡ ಸಮಜಾಯಿಷಿ ಕೊಟ್ಟರೆ ಗಾಯ ದೊಡ್ಡದಾಗುತ್ತದೆ. ಹಾಲು ರೊಟ್ಟಿಯ ಸುದ್ದಿಯಾದ ಮೇಲೆ, ಒಂದೇ ಉಸಿರಲ್ಲಿ "ದುಡ್ಡು ಕಳಿಸಿದ್ದು ತಪ್ಪಾಯ್ತು ಅತ್ತೆ, ಆ ಗಾಬರೀಲಿ ಏನು ಮಾಡ್ಬೇಕು ಅಂತಾನೇ ತಿಳೀಲಿಲ್ಲ" ಎಂದು ಹೇಳಿ ಮುಂದಿನ ಮಾತಿಗೆ ಹೋಗಿ. ಅವರು 'ಇರ್ಲಿ ಬಿಡವಾ' ಎಂದರೆ ಅಲ್ಲಿಗೆ ಮುಗಿಯಿತು. ಮತ್ತೆ ಎತ್ತಬೇಡಿ.

ದುಡ್ಡಿನ ಪ್ರಶ್ನೆ ಸುಳ್ಳಲ್ಲ ಎಂಬುದನ್ನೂ ಹೇಳಬೇಕು. ಲಕ್ವದ ರೋಗಿ ಇರುವ ಮನೆಯಲ್ಲಿ ಖರ್ಚು ಇದ್ದೇ ಇರುತ್ತದೆ, ಶೇಂಗಾ, ಎಣ್ಣೆ, ಸಿಲಿಂಡರ್ ಯಾವುದೂ ಬಿಟ್ಟಿ ಬರುವುದಿಲ್ಲ. ಅಲ್ಲಿ ಕೈ ಬಿಗಿಯಿದೆ ಎಂದು ನಿಮಗೆ ಗೊತ್ತಿದ್ದರೆ, ನಿಮ್ಮ ಗಂಡ ತಾನೇ ಮುಂದಾಗಿ, ಮಾವನವರ ಔಷಧಿಗೆ ಎಂದು ತಿಂಗಳಿಗೊಮ್ಮೆ ಕಳಿಸಲಿ. ಈ ಪೆಟ್ಟಿಗೆ ಬಂದ ಹಿಂದೆಯೇ ಬೇಡ, ಇದಕ್ಕೂ ಅದಕ್ಕೂ ಗಂಟು ಬೀಳುತ್ತದೆ. ಒಂದೆರಡು ತಿಂಗಳು ಬಿಟ್ಟು ಶುರುವಾಗಲಿ.

ಹಳಸಿದ ಪಲ್ಯದ ವಿಚಾರ ಬಹಳ ಜನ ಮುಚ್ಚಿಡುವುದು. ನಾನು ಹೇಳಿ ಅನ್ನುತ್ತೇನೆ, ಆದರೆ ಪಾಪನಿವೇದನೆ ಮಾಡುವ ಹಾಗೆ ಅಲ್ಲ. ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು 'ಎಲ್ಲಾ ಚೆನ್ನಾಗಿತ್ತು' ಅಂದದ್ದಕ್ಕೆ ನಿಮ್ಮನ್ನು ಯಾರೂ ತಪ್ಪು ಹಿಡಿಯುವುದಿಲ್ಲ. ಹೇಳಬೇಕಾದ ಕಾರಣ ಬೇರೆ: ಹೇಳದಿದ್ದರೆ ಮುಂದಿನ ಸಲವೂ ಅದೇ ಡಬ್ಬಿಯಲ್ಲಿ ಅದೇ ಪಲ್ಯ ಬರುತ್ತದೆ, ನೀವು ಅದನ್ನು ಮತ್ತೆ ಚೆಲ್ಲುತ್ತೀರಿ. ಮೊಳಕೆ ಬಂದ ಮಡಕಿಕಾಳಿನಲ್ಲಿ ತೇವ ಹೆಚ್ಚು. ಒಲೆಯಿಂದ ಇಳಿಸಿದ ಬಿಸಿಯಲ್ಲೇ ಸ್ಟೀಲ್ ಡಬ್ಬಿಗೆ ತುಂಬಿ ಬಿಗಿಯಾಗಿ ಮುಚ್ಚಿದರೆ ಹಬೆ ಮುಚ್ಚಳಕ್ಕೆ ತಗುಲಿ ನೀರಾಗಿ ಪಲ್ಯದ ಮೇಲೇ ತೊಟ್ಟಿಕ್ಕುತ್ತದೆ. ಆಮೇಲೆ ರಾತ್ರಿಯಿಡೀ ಬಸ್ಸಿನ ಡಿಕ್ಕಿಯಲ್ಲಿ ಆ ಉಗುರುಬೆಚ್ಚಗಿನ ಶಾಖ ಹಾಗೇ ಉಳಿಯುತ್ತದೆ. ಅಡುಗೆ ಕೆಡಲು ಅದಕ್ಕಿಂತ ಅನುಕೂಲ ಬೇಕಿಲ್ಲ. ಮುಚ್ಚಳ ತೆಗೆದಾಗ ಬುಸ್ ಎಂದದ್ದು, ನೊರೆ, ಹುಳಿ ವಾಸನೆ, ಕೈಗೆ ಅಂಟುವ ಲೋಳೆ, ಇವುಗಳಲ್ಲಿ ಒಂದಿದ್ದರೂ ಅದು ಹಳಸಿದೆ ಎಂದೇ. ಮತ್ತೆ ಕುದಿಸಿದರೂ ನಂಬುವಂತಿಲ್ಲ. ಮನೆಯಲ್ಲಿ ಜ್ವರದ ಮಗುವಿದ್ದಾಗ ನೀವು ಚೆಲ್ಲಿದ್ದೇ ಸರಿ. ಅನ್ನ ಚೆಲ್ಲಬಾರದು ಎಂದು ಬೆಳೆದವರಿಗೆ ಅದು ಎಷ್ಟು ಕಷ್ಟ ಎಂದು ಬಲ್ಲೆ.

ಇದನ್ನು ಹೇಳುವಾಗ ತಪ್ಪು ಬಸ್ಸಿನ ಮೇಲಿರಲಿ, ಅವರ ಕೈಯ ಮೇಲೆ ಬೀಳದಿರಲಿ. ಅದೇ ಕರೆಯಲ್ಲೂ ಬೇಡ. ಮುಂದಿನ ಸಲ ಅವರಾಗಿಯೇ ಏನಾದರೂ ಕಳಿಸುವ ಮಾತೆತ್ತಿದಾಗ, "ಪಲ್ಯ ಮಾತ್ರ ಬಸ್ಸಿನ ಸೆಕೆಗೆ ತಡೆಯಲ್ಲ ಅತ್ತೆ, ಹೋದ ಸಲ ಬರೋ ಹೊತ್ತಿಗೆ ಹುಳಿ ಬಂದಿತ್ತು, ಅವತ್ತು ನಿಮಗೆ ಹೇಳೋಕೆ ಮನಸ್ಸಾಗಲಿಲ್ಲ. ರೊಟ್ಟಿ, ಹಿಂಡಿ, ಮಾದಲಿ ಕಳಿಸಿ, ಪಲ್ಯ ನಾನೇ ಮಾಡ್ಕೋತೀನಿ, ಹೇಗೆ ಅಂತ ಹೇಳಿಕೊಡಿ" ಎನ್ನಿ. ಹೇಳಿಕೊಡಿ ಎಂಬುದು ಸುಮ್ಮನೆ ಸೇರಿಸಿದ ಮಾತಾಗಬಾರದು. ನಿಜವಾಗಿ ಕೇಳಿಸಿಕೊಂಡು, ಒಂದು ಭಾನುವಾರ ಮಾಡಿ, ಉಪ್ಪು ಹೆಚ್ಚಾಯಿತೋ ಕಾಳು ಮುದ್ದೆಯಾಯಿತೋ ಫೋನಿನಲ್ಲಿ ಹೇಳಿ. ಎಣ್ಣೆಗಾಯಿ ಬಗ್ಗೆಯೂ ಒಂದು ಮಾತು: ಎಣ್ಣೆ, ಹುಣಿಸೆ ಇರುವುದರಿಂದ ಅದು ಸ್ವಲ್ಪ ತಡೆದಿರಬಹುದು. ಆದರೂ ರಾತ್ರಿ ಪ್ರಯಾಣಕ್ಕೆ ಅದನ್ನು ನೆಚ್ಚಿಕೊಳ್ಳುವ ಹಾಗಿಲ್ಲ. ಅದನ್ನೂ ನೀವು ಮಾಡಲು ಕಲಿಯುವ ಪಟ್ಟಿಗೇ ಸೇರಿಸಿಕೊಳ್ಳಿ.

ಡಬ್ಬಿಗಳನ್ನು ಇನ್ನು ತಡ ಮಾಡದೆ ಕಳಿಸಿ, ಖಾಲಿ ಮಾತ್ರ ಕಳಿಸಬೇಡಿ. ಈ ರೂಢಿ ಮಂಡ್ಯದಲ್ಲೂ ಇದೆ, ಹಾವೇರಿಯಲ್ಲೂ ಇದೆ, ನಿಮಗೆ ಹೊಸದಾಗಿ ಹೇಳಬೇಕಿಲ್ಲ. ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕುತ್ತಾರೆ. ಸೀರೆ, ಬೆಳ್ಳಿ ಲೋಟ ಎಂದು ಹೊರಡಬೇಡಿ, ಅದು ಮೂರು ಸಾವಿರದ ಅಣ್ಣತಮ್ಮ ಆಗುತ್ತದೆ. ಅವರು ತಮ್ಮ ಸೀಮೆಯ ತಿನಿಸು ಕಳಿಸಿದ್ದಾರೆ, ನೀವು ನಿಮ್ಮ ಸೀಮೆಯದು ಕಳಿಸಿ. ನನ್ನನ್ನು ಕೇಳಿದರೆ ರಾಗಿ ಹುರಿಹಿಟ್ಟು. ಆ ಕಡೆ ರಾಗಿಯ ಬಳಕೆ ಕಡಿಮೆ, ಆದ್ದರಿಂದ ಹೊಸ ರುಚಿಯೂ ಆಯಿತು. ಅರಳು ಹುರಿದು ಬೀಸಿದ ಹಿಟ್ಟಾದ್ದರಿಂದ ಬೇಯಿಸುವ ಗೊಡವೆಯಿಲ್ಲ, ಹಾಲಿಗೋ ಮಜ್ಜಿಗೆಗೋ ಕಲಸಿದರೆ ಮುಗಿಯಿತು. ದಿನವಿಡೀ ರೋಗಿಯ ಹಿಂದೆ ಓಡಾಡುವ ಹೆಂಗಸು ಸಂಜೆ ನಾಲ್ಕಕ್ಕೆ ಕೂತು ತಾನೇ ಒಂದು ಬಟ್ಟಲು ತಿನ್ನಬಹುದು. ಅರ್ಧ ಕೆಜಿ ಸಾಕು, ಜೊತೆಗೆ ನಾಲ್ಕು ಅಚ್ಚು ಮಂಡ್ಯದ ಬೆಲ್ಲ ಇಡಿ. ಮಾವನವರಿಗೆ ಕೊಡಬಹುದೇ ಎಂಬುದನ್ನು ಅಲ್ಲಿ ನೋಡಿಕೊಳ್ಳುವವರಿಗೆ ಬಿಡಿ. ಲಕ್ವದವರಿಗೆ ಕೆಲವೊಮ್ಮೆ ನುಂಗಲು ಕಷ್ಟವಿರುತ್ತದೆ, ಸಕ್ಕರೆ ಕಾಯಿಲೆ ಇದ್ದರೆ ಬೆಲ್ಲವೂ ಆಗದು. ಹಿಟ್ಟನ್ನು ನಿಮ್ಮ ತಾಯಿಯ ಮನೆಯಿಂದ ತರಿಸಿದರೆ ಚೆಂದ, ಅಂಗಡಿಯದಾದರೂ ತಪ್ಪಿಲ್ಲ. ಆದರೆ ಅಂಗಡಿಯದನ್ನು ಮನೆಯದು ಎಂದು ಹೇಳಬೇಡಿ. ಡಬ್ಬಿಯನ್ನು ತೊಳೆದ ಮೇಲೆ ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ ತುಂಬಿ, ಅಂಚಿನಲ್ಲಿ ತೇವ ಉಳಿದರೆ ಹಿಟ್ಟು ಗಂಟಾಗುತ್ತದೆ. ರೊಟ್ಟಿ ಸುತ್ತಿದ್ದ ಪಂಚೆಯನ್ನು ಮರೆಯಬೇಡಿ, ಒಗೆದು ಮಡಿಸಿ ಮೇಲಿಡಿ. ಅವರ ಕಡೆಯಿಂದ 'ಖಾರ ಕಮ್ಮಿ' ಚೀಟಿ ಬಂದಂತೆ, ಮಗನ ಕೈಯಲ್ಲಿ ಒಂದು ಚೀಟಿ ಬರೆಸಿ ಇಟ್ಟರೆ ಇನ್ನೂ ಒಳ್ಳೆಯದು. ಏನು ಬರೆಯಬೇಕೆಂದು ಅವನಿಗೆ ಹೇಳಿಕೊಡದಿದ್ದರೆ ಸಾಕು.

ಉಳಿದದ್ದು ನಿಮ್ಮ ಗಂಡ. 'ನಮ್ಮವ್ವಗ ಥ್ಯಾಂಕ್ಸ್ ಯಾಕ' ಎನ್ನುವುದರಲ್ಲಿ ಅವರು ಒಂದು ಮಟ್ಟಿಗೆ ಸರಿ, ಆ ಮನೆಯಲ್ಲಿ ಆ ಮಾತು ಯಾರೂ ಆಡುವುದಿಲ್ಲ. ಆದರೆ ಅವರೂ ಸುದ್ದಿ ಒಪ್ಪಿಸಿಲ್ಲ ಎಂದು ನಿಮ್ಮ ಪತ್ರದಿಂದ ಕಾಣುತ್ತದೆ. ರಾತ್ರಿ ಪಾಳಿ ಮುಗಿಸಿ ಮನೆಗೆ ಬಂದು, ನಿಂತಲ್ಲೇ ರೊಟ್ಟಿಗೆ ಹಿಂಡಿ, ಎಣ್ಣೆ ಹಾಕಿಕೊಂಡು ತಿಂದವರು ಅವರೂ ಇರಬೇಕಲ್ಲ. ಅದನ್ನು ಅವರ ಅವ್ವನಿಗೆ ನೀವು ಹೇಳಿದರೆ ಅದು ವರದಿ ಮಾತ್ರ. ಅವರೇ ಹೇಳಿದರೆ ಅವ್ವ ಆ ಮಾತನ್ನು ಓಣಿಯಲ್ಲಿ ನಾಲ್ಕು ಜನಕ್ಕೆ ಹೇಳಿಕೊಂಡು ಬರುತ್ತಾರೆ. ನಿಮ್ಮ ಕರೆಯ ಜೊತೆ ಅವರ ಕರೆಯನ್ನು ಬೆರೆಸಬೇಡಿ, ಸ್ಪೀಕರ್ ಹಾಕಿ ಇಬ್ಬರೂ ಒಟ್ಟಿಗೆ ಮಾತಾಡುವುದೂ ಬೇಡ. ನಿಮ್ಮದು ಈ ವಾರ ಆಗಲಿ, ಅವರದು ಅವರಿಗೆ ತೋಚಿದಾಗ. ಈ ಪುಟವನ್ನು ಊಟದ ಮೇಜಿನ ಮೇಲೆ ಬಿಟ್ಟಿದ್ದರೆ ಬೇಗ ತೋಚಬಹುದು.